ಬೆಸುಗೆಯಲ್ಲಿ ಟಕ್ ಎನ್ನಬಾರದು

(ಕನ್ನಡ ವೇಳೆಯಲ್ಲಿ ಆಡಿದ ಮಾತಿನ ಬರಹ ರೂಪ)



ನಿಮ್ಮಲ್ಲಿ ಕೆಲವರು ಮನೆಯ ಹಿರಿಯರ ಮಾತನ್ನು ಮೊಬೈಲಿನಲ್ಲೋ ಸಣ್ಣದೊಂದು ಮೈಕಿನಲ್ಲೋ ಹಿಡಿದಿಟ್ಟು, ಹದಿನೈದು ಇಪ್ಪತ್ತು ನಿಮಿಷದ ಪಾಡ್‌ಕಾಸ್ಟ್ ಮಾಡಿ ನೆಂಟರಿಷ್ಟರಿಗೆ ಕಳಿಸುತ್ತಿದ್ದೀರಿ. ಒಳ್ಳೆಯ ಕೆಲಸ. ಆದರೆ ಅಂಥ ಧ್ವನಿಗಳನ್ನು ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಒಂದು ಸಣ್ಣ ಕಿರಿಕಿರಿ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಅಜ್ಜ ಸೊಗಸಾಗಿ ಮಾತಾಡುತ್ತಿರುತ್ತಾರೆ, ನಡುವೆ 'ಟಕ್' ಎನ್ನುತ್ತದೆ. ಇನ್ನೊಂದು ನಿಮಿಷ ಕಳೆದರೆ ಮತ್ತೆ 'ಟಕ್'. ಆ ಸದ್ದು ಅಜ್ಜನದೂ ಅಲ್ಲ, ಮೈಕಿನದೂ ಅಲ್ಲ. ಅಲ್ಲಿ ಒಂದಿಷ್ಟು ಮಾತನ್ನು ಕತ್ತರಿಸಿ ತೆಗೆದು, ಆಚೆ ಈಚೆಯ ಎರಡು ತುದಿಗಳನ್ನು ಕೂಡಿಸಲಾಗಿದೆ ಎಂಬುದರ ಗುರುತು ಅದು. ಒಮ್ಮೆ ಆ ಗುರುತು ಸಿಕ್ಕಿತೆಂದರೆ ಕೇಳುವವರ ಗಮನ ಕಥೆಯಿಂದ ಜಾರಿ, ಇಲ್ಲಿ ಏನನ್ನು ತೆಗೆದಿರಬಹುದು ಎಂಬ ಕಡೆಗೆ ಹೋಗಿಬಿಡುತ್ತದೆ.

ಈ ಟಕ್ ಎಲ್ಲಿಂದ ಬರುತ್ತದೆ, ಅದು ಬಾರದಂತೆ ಎಲ್ಲಿ ಕತ್ತರಿಸಬೇಕು, ಹಾಗೆ ಕತ್ತರಿಸಿದರೂ ಬೆಸುಗೆ ಕೇಳಿಸುವುದು ಯಾವಾಗ ಎಂಬ ಮೂರು ವಿಷಯಗಳನ್ನಷ್ಟೇ ಇವತ್ತು ನೋಡೋಣ. ಉದಾಹರಣೆಗೆ ನಮ್ಮ ವಿಮಾನ ನಗರದ ಒಂದು ಫ್ಲಾಟನ್ನೇ ಇಟ್ಟುಕೊಳ್ಳೋಣ. ಪಕ್ಕದಲ್ಲೇ ಲೋಹೆಗಾಂವ್ ವಿಮಾನ ನಿಲ್ದಾಣ. ಅಲ್ಲಿನ ರನ್‌ವೇಯನ್ನು ಪ್ರಯಾಣಿಕರ ವಿಮಾನಗಳೂ ಬಳಸುತ್ತವೆ, ವಾಯುಪಡೆಯ ವಿಮಾನಗಳೂ ಬಳಸುತ್ತವೆ. ಧ್ವನಿ ಮುದ್ರಿಸುವವರಿಗೆ ಇದಕ್ಕಿಂತ ಕಠಿಣವಾದ ಪಾಠಶಾಲೆ ಬೇಕಿಲ್ಲ.

ಮೊದಲು ಧ್ವನಿ ಕಂಪ್ಯೂಟರಿನೊಳಗೆ ಹೇಗಿರುತ್ತದೆ ಎಂಬುದನ್ನು ತಿಳಿಯೋಣ. ಮಾತಾಡಿದಾಗ ಗಾಳಿಯ ಒತ್ತಡ ಏರಿಳಿಯುತ್ತದೆ. ಆ ಏರಿಳಿತವನ್ನು ಕಂಪ್ಯೂಟರು ಸೆಕೆಂಡಿಗೆ 44,100 ಸಲ ಅಳೆದು ಸಂಖ್ಯೆಯಾಗಿ ಬರೆದಿಡುತ್ತದೆ. ಅಂಥ ಒಂದೊಂದು ಅಳತೆಗೂ ಸ್ಯಾಂಪಲ್ ಎಂದು ಹೆಸರು. ಪರದೆಯ ಮೇಲೆ ಅಲೆಯ ಚಿತ್ರ ಕಾಣುತ್ತದಲ್ಲ, ಅದರ ನಡುಗೆರೆ ಸೊನ್ನೆ. ಮೇಲಿನ ಅಂಚು 1, ಕೆಳಗಿನ ಅಂಚು -1. ಗಂಡಸೊಬ್ಬರು 'ಆ' ಎಂದು ಎಳೆದರೆ ಈ ಅಲೆ ಸೆಕೆಂಡಿಗೆ ಸುಮಾರು 120 ಸುತ್ತು ಹಾಕುತ್ತದೆ. ಪ್ರತಿ ಸುತ್ತಿನಲ್ಲೂ ನಡುಗೆರೆಯನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ, ಒಮ್ಮೆ ಮೇಲಿನಿಂದ ಕೆಳಕ್ಕೆ ದಾಟುತ್ತದೆ. ಹೀಗೆ ದಾಟುವ ಜಾಗಕ್ಕೆ ಜೀರೋ ಕ್ರಾಸಿಂಗ್ ಎನ್ನುತ್ತಾರೆ. ನಾವು ಸೊನ್ನೆ ದಾಟು ಎನ್ನೋಣ.

ಈಗ ಜೋಕಾಲಿಯನ್ನು ನೆನಪಿಸಿಕೊಳ್ಳಿ. ಪಂಚಮಿ ಹಬ್ಬಕ್ಕೆ ಮರಕ್ಕೆ ಕಟ್ಟುತ್ತಿದ್ದ ಜೋಕಾಲಿ. ಅಕ್ಕಪಕ್ಕ ಎರಡು ಜೋಕಾಲಿ ತೂಗುತ್ತಿವೆ, ಒಂದರಿಂದ ಇನ್ನೊಂದಕ್ಕೆ ನೀವು ದಾಟಬೇಕು ಎಂದುಕೊಳ್ಳಿ. ನಿಮ್ಮದು ಮುಂದೆ ಎತ್ತರದಲ್ಲಿದ್ದು ಮತ್ತೊಂದು ಹಿಂದೆ ಎಲ್ಲೋ ಇದ್ದರೆ, ಆ ನೆಗೆತದಲ್ಲಿ ಮೈಯೆಲ್ಲ ಜರ್ಝರಿತ. ಎರಡೂ ನಡುವಿಗೆ ಬಂದಾಗ, ಅದೂ ಎರಡೂ ಒಂದೇ ದಿಕ್ಕಿಗೆ ಸಾಗುತ್ತಿರುವಾಗ ದಾಟಿದರೆ ದಾಟಿದ್ದೇ ತಿಳಿಯುವುದಿಲ್ಲ. ಸೊನ್ನೆ ದಾಟಿನಲ್ಲಿ ಕತ್ತರಿಸುವುದು ಎಂದರೆ ಇಷ್ಟೇ. ಎಡ ತುದಿ ಸೊನ್ನೆಯಲ್ಲಿ ಮುಗಿಯಬೇಕು, ಬಲ ತುದಿ ಸೊನ್ನೆಯಲ್ಲಿ ಶುರುವಾಗಬೇಕು, ಎರಡೂ ಒಂದೇ ದಿಕ್ಕಿನಲ್ಲಿ ಸಾಗುತ್ತಿರಬೇಕು. ಬಹಳ ಜನ ಮೊದಲ ಎರಡನ್ನು ನೋಡಿ ಮೂರನೆಯದನ್ನು ಮರೆಯುತ್ತಾರೆ. ಆಗ ಏರುತ್ತ ಬಂದ ಅಲೆ ಸೊನ್ನೆ ಮುಟ್ಟಿ, ಹೊರಳಿ ಮತ್ತೆ ಕೆಳಗಿಳಿಯುತ್ತದೆ. ಅಲ್ಲಿ ಒಂದು ಮೊನೆ ಉಳಿಯುತ್ತದೆ. ಟಕ್ ಎನ್ನುವುದಿಲ್ಲವಾದರೂ, ಎಳೆದು ಹೇಳಿದ ಸ್ವರದ ನಡುವೆ ಬೆರಳಿನಿಂದ ಮೆತ್ತಗೆ ತಟ್ಟಿದಂಥ ಸದ್ದು ಬರಬಹುದು.

ಒಂದು ಮಾತನ್ನು ಹಿಡಿದು ಲೆಕ್ಕ ಹಾಕಿ ನೋಡೋಣ. ಧಾರವಾಡದ ಕಡೆಯ ಅಜ್ಜರೊಬ್ಬರು ಹೀಗೆ ಹೇಳಿದ್ದಾರೆ ಎನ್ನಿ: "ನಾವು ಪುಣೆಕ ಬಂದಾಗ, ಅಂದ್ರ, ಏನಂತಾರ ಅದಕ್ಕ, ಆಗ ಇಲ್ಲಿ ಇಷ್ಟು ಮನಿ ಇದ್ದಿದ್ದಿಲ್ಲ." ನಡುವಿನ "ಅಂದ್ರ, ಏನಂತಾರ ಅದಕ್ಕ" ಎಂಬುದನ್ನು ತೆಗೆಯಬೇಕು. ಅಂದರೆ "ಬಂದಾಗ" ಎಂಬುದರ ಕೊನೆಯ 'ಅ'ಕಾರಕ್ಕೆ "ಆಗ" ಎಂಬುದರ ಮೊದಲ 'ಆ'ಕಾರವನ್ನು ಕೂಡಿಸಬೇಕು.

ಇಲ್ಲಿ ಕನ್ನಡದ ಒಂದು ಗುಣವನ್ನು ಗಮನಿಸಬೇಕು. ನಮ್ಮ ಮಾತುಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ: ಬಂದೆ, ಹೋಗಿ, ಊರು, ಮನೆ. ಮುಂದಿನ ಮಾತೂ ಸ್ವರದಲ್ಲಿ ಶುರುವಾದರೆ ಸಂಧಿಯಾಗಿ ಎರಡೂ ಒಂದಾಗುತ್ತವೆ. "ಊರಲ್ಲಿ ಇದ್ದೆ" ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, "ಊರಲ್ಲಿದ್ದೆ" ಎಂದೇ ಹೇಳುತ್ತಾರೆ. ಹಾಗಾಗಿ ಎರಡು ಮಾತುಗಳ ನಡುವೆ ಖಾಲಿ ಜಾಗ ಹುಡುಕಿದರೆ ಎಷ್ಟೋ ಸಲ ಸಿಗುವುದೇ ಇಲ್ಲ, ಕತ್ತರಿ ಸ್ವರದ ಮೇಲೆಯೇ ಬೀಳುತ್ತದೆ. ಸ್ವರದಲ್ಲಿ ಅಲೆ ದೊಡ್ಡದು, ಅದರಲ್ಲಿ ತಪ್ಪು ಜಾಗದಲ್ಲಿ ಕತ್ತರಿಸಿದರೆ ಜಿಗಿತವೂ ದೊಡ್ಡದು.

ಲೆಕ್ಕ ಸುಲಭವಾಗಲಿ ಎಂದು, ಆ ಸ್ವರ 120 ಸುತ್ತಿನ ಸಾದಾ ನುಣುಪು ಅಲೆ, ಅದರ ಎತ್ತರ 0.4 ಎಂದುಕೊಳ್ಳೋಣ. ಕಣ್ಣಳತೆಯಲ್ಲಿ ಆಯ್ದು ಕತ್ತರಿಸಿದಾಗ ಎಡ ತುದಿ ಅಲೆಯ ನೆತ್ತಿಯಲ್ಲಿ ಬಿತ್ತು, ಬಲ ತುದಿ ಕೆಳಗಿನಿಂದ ಏರುತ್ತಿರುವಾಗ -0.28ರಲ್ಲಿ ಬಿತ್ತು. ಬೆಸುಗೆಯ ಆಚೆ ಈಚೆಯ ಸ್ಯಾಂಪಲ್‌ಗಳನ್ನು ಬರೆದರೆ ಹೀಗೆ ಕಾಣುತ್ತದೆ. ನಡುವಿನ ಗೆರೆಯೇ ಬೆಸುಗೆ.

```
 0.399   0.400   0.400 | -0.280  -0.275  -0.270
```

ಇಂಥ ಅಲೆ ತಾನಾಗಿ ಹರಿಯುವಾಗ ಒಂದು ಸ್ಯಾಂಪಲ್ಲಿನಿಂದ ಇನ್ನೊಂದಕ್ಕೆ ಹೆಚ್ಚೆಂದರೆ 0.007ರಷ್ಟು ಬದಲಾಗುತ್ತದೆ. ಬೆಸುಗೆಯಲ್ಲಿ ಅದು 0.68ರಷ್ಟು, ಎಂದರೆ ಸುಮಾರು ನೂರು ಪಟ್ಟು ಜಿಗಿದಿದೆ. ಅದೂ ಸೆಕೆಂಡಿನ 44,100ನೇ ಒಂದು ಪಾಲಿನಲ್ಲಿ. ಇಂಥ ಹಠಾತ್ ಜಿಗಿತದಲ್ಲಿ ಮಂದ್ರದಿಂದ ಹಿಡಿದು ಅತಿ ತಾರದವರೆಗೆ ಎಲ್ಲ ಸ್ವರಗಳೂ ಒಟ್ಟಿಗೆ ಸಿಡಿಯುತ್ತವೆ. ಅಜ್ಜನ 'ಆ'ಕಾರದಲ್ಲಿ ತಾರದ ಕಡೆ ಹೆಚ್ಚೇನೂ ಇರುವುದಿಲ್ಲವಾದ್ದರಿಂದ, ಆ ಖಾಲಿ ಜಾಗದಲ್ಲಿ ಈ ಸಿಡಿತ ಬರಿಗಿವಿಗೇ ಬಿಡಿಯಾಗಿ ಕೇಳುತ್ತದೆ. ಅದೇ ನಮ್ಮ ಟಕ್.

ಈಗ ಎಡ ತುದಿಯನ್ನು 92 ಸ್ಯಾಂಪಲ್ ಹಿಂದಕ್ಕೆ ಸರಿಸಿದರೆ, ಅಲೆ ಸೊನ್ನೆಯನ್ನು ದಾಟಿ ಮೇಲೇರುತ್ತಿದ್ದ ಜಾಗ ಸಿಗುತ್ತದೆ. ಬಲ ತುದಿಯನ್ನು 45 ಸ್ಯಾಂಪಲ್ ಮುಂದಕ್ಕೆ ಸರಿಸಿದರೆ ಅಲ್ಲೂ ಅಂಥದೇ ಜಾಗ. ಆಗ ಬೆಸುಗೆ ಹೀಗಾಗುತ್ತದೆ.

```
-0.011  -0.004 |  0.003   0.010
```

ಜಿಗಿತವೇ ಇಲ್ಲ. ಅಲೆ ತಾನಾಗಿ ಹರಿದಂತೆಯೇ ಇದೆ. ಇದಕ್ಕಾಗಿ ಕಳೆದುಕೊಂಡದ್ದು ಒಟ್ಟು 137 ಸ್ಯಾಂಪಲ್, ಅಂದರೆ ಸುಮಾರು 3 ಮಿಲಿಸೆಕೆಂಡು. ಒಂದು ಹ್ರಸ್ವಾಕ್ಷರ ಉಚ್ಚರಿಸಲು ಬೇಕಾಗುವ ಕಾಲಕ್ಕೆ ಹೋಲಿಸಿದರೆ ಇದು ಬಹಳ ಕಡಿಮೆ. ಸೊನ್ನೆ ಹುಡುಕಲು ಹೋದರೆ ಅಕ್ಷರ ತುಂಡಾಗುತ್ತದೆಯೇ ಎಂಬ ಹೆದರಿಕೆ ಬೇಡ. 120 ಸುತ್ತಿನ ಧ್ವನಿಯಲ್ಲಿ ಒಂದು ಸುತ್ತಿಗೆ 8 ಮಿಲಿಸೆಕೆಂಡಿನಷ್ಟು ಸಮಯ. ಬೇಕಾದ ಜಾಗ ಎಂದೂ ಅದರರ್ಧಕ್ಕಿಂತ ದೂರ ಇರುವುದಿಲ್ಲ. ಹೆಂಗಸರ, ಮಕ್ಕಳ ಧ್ವನಿಯಲ್ಲಿ ಇನ್ನೂ ಹತ್ತಿರ. ನಿಜವಾದ ಧ್ವನಿ ಇಷ್ಟು ನುಣುಪಾಗಿರುವುದಿಲ್ಲ, ದೊಡ್ಡ ಅಲೆಯ ಮೇಲೆ ಸಣ್ಣ ಅಲೆಗಳು ಕೂತಿರುತ್ತವೆ. ಆದರೂ ನಿಯಮ ಅದೇ.

ಇದನ್ನು ಕೈಯಿಂದ ಎಣಿಸಬೇಕಿಲ್ಲ. ಅಡಾಸಿಟಿ ಎಂಬ ಉಚಿತ ತಂತ್ರಾಂಶ 2000ದಿಂದಲೂ ಲಭ್ಯವಿದೆ, ನಿಮ್ಮಲ್ಲಿ ಬಹಳ ಮಂದಿ ಅದನ್ನೇ ಬಳಸುತ್ತೀರಿ. ಅದರ 3ನೇ ಸರಣಿಯಲ್ಲಿ ಕೆಲಸ ಹೀಗೆ. ಮೊದಲು ತೆಗೆಯಬೇಕಾದ ಮಾತನ್ನು ಮೌಸಿನಿಂದ ಆಯ್ದುಕೊಳ್ಳಿ. ಬಳಿಕ `Select > At Zero Crossings` ಒತ್ತಿ, ಇಲ್ಲವೇ ಕೀಲಿಮಣೆಯಲ್ಲಿ `Z` ಒತ್ತಿದರೂ ಆಯಿತು. ಆಯ್ಕೆಯ ಎರಡೂ ಅಂಚುಗಳು ಸ್ವಲ್ಪ ಸರಿದು, ಅಲೆ ಮೇಲೇರುತ್ತ ಸೊನ್ನೆ ದಾಟುವ ಜಾಗಕ್ಕೆ ಹೋಗಿ ಕೂರುತ್ತವೆ. ಎರಡೂ ಏರುವ ಕಡೆಯವೇ ಆದ್ದರಿಂದ ಜೋಕಾಲಿಯ ದಿಕ್ಕಿನ ಚಿಂತೆಯೂ ತೀರಿತು. ಆಮೇಲೆ `C` ಒತ್ತಿ. ಆಯ್ದ ಭಾಗವನ್ನು ಬಿಟ್ಟು ಹಿಂದಿನ ಮುಂದಿನ ಮಾತನ್ನು ಕೂಡಿಸಿ ಕೇಳಿಸುತ್ತದೆ. ಇನ್ನೂ ಏನನ್ನೂ ಅಳಿಸಿಲ್ಲ, ಬರೀ ಮಾದರಿ ತೋರಿಸಿದೆ ಅಷ್ಟೆ. ಸರಿಯೆನಿಸಿದರೆ `Delete`. ಸರಿಯಿಲ್ಲವೆಂದರೆ ಒಂದು ಅಂಚನ್ನು ತುಸು ಸರಿಸಿ, ಮತ್ತೆ `Z`, ಮತ್ತೆ `C`. ಎರಡು ಮೂರು ಸಲದೊಳಗೆ ಒಳ್ಳೆಯ ಜಾಗ ಸಿಗುತ್ತದೆ.

ಒಂದು ಎಚ್ಚರಿಕೆ. `Z` ಒತ್ತಿದ ಮೇಲೆ ಅಂಚನ್ನು ಮೌಸಿನಿಂದ ಮುಟ್ಟಿದರೆ ಆ ಹೊಂದಿಕೆ ಹೋಯಿತು, ಮತ್ತೆ ಒತ್ತಬೇಕು. ಇನ್ನೊಂದು ಕಡೆಯಿಂದ ನಕಲು ಮಾಡಿ ತಂದು ಅಂಟಿಸುವಾಗಲೂ, ಅಂಟಿಸುವ ಜಾಗದಲ್ಲಿ ಕರ್ಸರ್ ಇಟ್ಟು ಅಲ್ಲೂ `Z` ಒತ್ತಬೇಕು. ತಂದ ತುಂಡಿನ ಎರಡು ಅಂಚು ಸರಿಯಿದ್ದು ಅಂಟಿಸುವ ಜಾಗ ಸರಿಯಿಲ್ಲದಿದ್ದರೆ ಟಕ್ ಎರಡು ಸಲ ಬರುತ್ತದೆ, ತುಂಡಿನ ಮೊದಲಿಗೊಂದು, ಕೊನೆಗೊಂದು.

ಕತ್ತರಿಸಲು ಕನ್ನಡದಲ್ಲಿ ಕೆಲವು ಒಳ್ಳೆಯ ಜಾಗಗಳೂ ಇವೆ. ಪ, ತ, ಟ, ಕ ಈ ಅಕ್ಷರಗಳನ್ನು ಹೇಳುವ ಮುಂಚೆ ಬಾಯಿ ಒಂದು ಕ್ಷಣ ಮುಚ್ಚಿಕೊಳ್ಳುತ್ತದೆ. ಒತ್ತಕ್ಷರವಿದ್ದರೆ, ಅಪ್ಪ, ಹತ್ತು, ಅಕ್ಕ ಎನ್ನುವಾಗ, ಆ ಮುಚ್ಚುಗೆ ಇನ್ನೂ ದೀರ್ಘ. ಚಿತ್ರದಲ್ಲಿ ಅಲ್ಲಿ ಅಲೆ ಸಪಾಟಾಗಿ ಕಾಣುತ್ತದೆ. ನಮ್ಮ ಉದಾಹರಣೆಯಲ್ಲಿ "ಏನಂತಾರ ಅದಕ್ಕ" ಎಂಬುದರ 'ಕ್ಕ' ಹಾಗಿದೆ. ಆ ಮುಚ್ಚುಗೆಯಲ್ಲಿ ಕತ್ತರಿಸಿದರೆ ಅಲೆಯ ಎತ್ತರವೇ ಕಡಿಮೆ, ಜಿಗಿತವೂ ಕಡಿಮೆ. ಮೇಲಾಗಿ ಅದರ ಹಿಂದೆಯೇ ಬರುವ 'ಪ' ಅಥವಾ 'ಕ'ದ ಸಿಡಿತ ಬೆಸುಗೆಯ ಸಣ್ಣಪುಟ್ಟ ಕುರುಹುಗಳನ್ನು ಮುಚ್ಚಿಹಾಕುತ್ತದೆ. ಸ, ಶ ಅಕ್ಷರಗಳಲ್ಲಿ ಅಲೆ ಸೆಕೆಂಡಿಗೆ ಸಾವಿರಾರು ಸಲ ಸೊನ್ನೆ ದಾಟುತ್ತದೆ, ಜೊತೆಗೆ ಅದು ಸ್ವತಃ ಸುಯ್ ಎನ್ನುವ ಸದ್ದು. ಅಲ್ಲಿ ಟಕ್ ಅಡಗಿಹೋಗುತ್ತದೆ. ಎಲ್ಲಕ್ಕಿಂತ ತಂಟೆಯ ಜಾಗ ಎಳೆದ ಸ್ವರಗಳೂ, ಮ, ನ, ಣಗಳಂಥ ಅನುನಾಸಿಕಗಳೂ.

ಹಾಗಾದರೆ ಮಾತು ನಿಂತ ಮೌನದಲ್ಲಿ ಕತ್ತರಿಸಿದರೆ ಈ ರಗಳೆಯೇ ಇಲ್ಲವಲ್ಲ ಎಂದು ನೀವು ಕೇಳಬಹುದು. ಇಲ್ಲೇ ವಿಮಾನ ನಗರ ಪಾಠ ಕಲಿಸುವುದು. ನಮ್ಮ ಮನೆಗಳಲ್ಲಿ ಮೌನ ಎಂದರೆ ಸೊನ್ನೆಯಲ್ಲ. ಫ್ಯಾನಿನ ಗಾಳಿ, ಫ್ರಿಜ್ಜಿನ ಗುಂಯ್, ಮೇಲೆ ಹಾರುವ ವಿಮಾನದ ಗುಡುಗು, ಇವೆಲ್ಲ ಆ ಮೌನದಲ್ಲಿ ಕೂತಿರುತ್ತವೆ. ವಿಮಾನದ ಗುಡುಗಿನಲ್ಲಿ ಮಂದ್ರದ ಅಂಶ ಬಹಳ. ಸೆಕೆಂಡಿಗೆ 40 ಸುತ್ತಿನ ಅಲೆಯೆಂದರೆ ಒಂದು ಸುತ್ತಿಗೆ 25 ಮಿಲಿಸೆಕೆಂಡು. ಅದರ ಅರ್ಧ ಕಾಲವೆಲ್ಲ ಅಲೆ ನಡುಗೆರೆಯ ಮೇಲೆಯೇ ಇರುತ್ತದೆ, ಇನ್ನರ್ಧ ಕೆಳಗೆ. ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿನಲ್ಲಿ ಈ ಗುಡುಗು ಕೇಳುವುದೇ ಇಲ್ಲ, ಹಾಗಾಗಿ ನಿಮಗೆ ಅದು ಮೌನವೆನಿಸುತ್ತದೆ. ಕತ್ತರಿಸಿದಾಗ ಮಾತ್ರ ಎಡ ತುದಿ ಮೇಲೆ, ಬಲ ತುದಿ ಕೆಳಗೆ ಸಿಕ್ಕಿ ಜಿಗಿತ ಉಂಟಾಗುತ್ತದೆ. ಮಾತಿನ ನಡುವೆ ಆಗಿದ್ದರೆ ಧ್ವನಿ ಅದನ್ನು ಮುಚ್ಚುತ್ತಿತ್ತು. ಮೌನದಲ್ಲಿ ಮುಚ್ಚಲು ಏನೂ ಇಲ್ಲ. ಆದ್ದರಿಂದ ಜಿಗಿತ ಚಿಕ್ಕದಾದರೂ ಟಕ್ ಎದ್ದು ಕೇಳುತ್ತದೆ. ಸಣ್ಣ ಸದ್ದನ್ನು ಎತ್ತಿ, ದೊಡ್ಡ ಸದ್ದನ್ನು ತಗ್ಗಿಸಿ ಸಮ ಮಾಡುವ ಕಂಪ್ರೆಸರ್ ಹಾಕಿದರಂತೂ ಅದು ಇನ್ನೂ ಎದ್ದು ಕಾಣುತ್ತದೆ. ಎಫ್‌ಎಂ ಪ್ರಸಾರದ ಹಾದಿಯಲ್ಲಿ ಅಂಥ ಯಂತ್ರ ಇದ್ದೇ ಇರುತ್ತದೆ.

ಇದಕ್ಕೆ ಪರಿಹಾರ ಕೆಲಸದ ಸರದಿಯಲ್ಲಿದೆ. ಕತ್ತರಿ ಹಿಡಿಯುವ ಮೊದಲು ಇಡೀ ಮುದ್ರಣದ ಮೇಲೆ ಹೈಪಾಸ್ ಫಿಲ್ಟರ್ ಹಾಯಿಸಿ, 80 ಸುತ್ತಿಗಿಂತ ಕೆಳಗಿನದನ್ನು ತಗ್ಗಿಸಿ. ಮನುಷ್ಯರ ಮಾತಿನಲ್ಲಿ ಅಲ್ಲಿ ಹೆಚ್ಚೇನೂ ಇರುವುದಿಲ್ಲ. ಅಡಾಸಿಟಿಯಲ್ಲಿ ಇದು `High-Pass Filter` ಎಂಬ ಹೆಸರಿನಲ್ಲಿ ಇದೆ. ಗುಡುಗಿನ ದೊಡ್ಡ ಅಲೆ ತಗ್ಗಿದ ಮೇಲೆ ಮಾತಿನ ಅಲೆ ನಡುಗೆರೆಗೆ ಬಂದು ಕೂರುತ್ತದೆ, ಸೊನ್ನೆ ದಾಟುಗಳು ಹತ್ತಿರ ಹತ್ತಿರ ಸಿಗುತ್ತವೆ.

ಇದರ ಜೊತೆಗೇ ಬರುವ ಇನ್ನೊಂದು ತೊಡಕು, ಅಲೆಯೇ ನಡುಗೆರೆಯಿಂದ ಸರಿದು ಕೂತಿರುವುದು. ಅಗ್ಗದ ಕೆಲವು ಸೌಂಡ್ ಕಾರ್ಡುಗಳಲ್ಲಿ ಮುದ್ರಿಸಿದಾಗ ಇಡೀ ಅಲೆ 0.02ರಷ್ಟೋ 0.03ರಷ್ಟೋ ಮೇಲೆ ತೇಲುತ್ತಿರುತ್ತದೆ. ಇದನ್ನು ಡಿಸಿ ಆಫ್‌ಸೆಟ್ ಎನ್ನುತ್ತಾರೆ. ಮೆಲ್ಲಗೆ ಮಾತಾಡಿದ ಕಡೆ, ಉಸಿರೆಳೆದ ಕಡೆ ಅಂಥ ಅಲೆ ಸೊನ್ನೆಯನ್ನು ಮುಟ್ಟುವುದೇ ಇಲ್ಲ. ತಂತ್ರಾಂಶ ಸೊನ್ನೆ ದಾಟು ಹುಡುಕಲು ಹೋದರೆ ಅಲ್ಲಿ ಇಲ್ಲವೇ ಇಲ್ಲ. ಪತ್ತೆ ಹಚ್ಚುವುದು ಸುಲಭ. ಯಾರೂ ಮಾತಾಡದ ಜಾಗವನ್ನು ಹಿಗ್ಗಿಸಿ ನೋಡಿ. ಗೆರೆ ಸರಿಯಾಗಿ ನಡುವಿನಲ್ಲಿ ಇಲ್ಲದೆ ತುಸು ಮೇಲೋ ಕೆಳಗೋ ಓಡುತ್ತಿದ್ದರೆ ಅದೇ. `Normalize` ಎಂಬಲ್ಲಿ `Remove DC offset` ಎಂಬ ಆಯ್ಕೆಯನ್ನು ಗುರುತು ಹಾಕಿ ಓಡಿಸಿದರೆ ಅಲೆ ನಡುವಿಗೆ ಬರುತ್ತದೆ. ಇದನ್ನೂ ಕತ್ತರಿಸುವ ಮೊದಲೇ ಮಾಡಬೇಕು.

ಇಷ್ಟೆಲ್ಲ ಮಾಡಿದರೂ ಬೆಸುಗೆ ಕೇಳಿಸುತ್ತದೆ ಎಂದರೆ? ಆಗ ಏನು ಕೇಳಿಸುತ್ತಿದೆ ಎಂಬುದನ್ನು ಬಿಡಿಸಿಕೊಳ್ಳಬೇಕು. ಬೆಸುಗೆಯ ಜಾಗವನ್ನು ಸ್ಯಾಂಪಲ್‌ಗಳು ಬಿಡಿ ಚುಕ್ಕಿಗಳಾಗಿ ಕಾಣುವಷ್ಟು ಹಿಗ್ಗಿಸಿ. ಅಲೆ ಅಲ್ಲಿ ಗೋಡೆಯಂತೆ ನೆಟ್ಟಗೆ ನಿಂತಿದ್ದರೆ ಅದು ಟಕ್, ಸೊನ್ನೆ ದಾಟಿನಿಂದ ಗುಣವಾಗುತ್ತದೆ. ಅಲೆ ನಯವಾಗಿ ಹರಿದಿದ್ದೂ ಕಿವಿಗೆ ತೊಡಕೆನಿಸಿದರೆ ಕಾರಣ ಬೇರೆ, ಎಷ್ಟು ಸಲ `Z` ಒತ್ತಿದರೂ ಅದು ಹೋಗದು. ಸೊನ್ನೆ ದಾಟು ಟಕ್ ಸದ್ದನ್ನು ತೆಗೆಯುತ್ತದೆ, ಅದನ್ನು ಮಾತ್ರ ತೆಗೆಯುತ್ತದೆ.

ವಿಮಾನದ್ದೇ ಉದಾಹರಣೆ. ವಿಮಾನ ಏರುವ ಸದ್ದು ಮೆಲ್ಲಗೆ ಶುರುವಾಗಿ, ಬೆಳೆದು, ದೂರ ಸರಿಯುತ್ತದೆ. ಅಜ್ಜ ಮಾತಾಡುತ್ತಲೇ ಇದ್ದಾರೆ. ಆ ನಡುವೆ ಹನ್ನೆರಡು ಸೆಕೆಂಡಿನ ಮಾತನ್ನು ನೀವು ತೆಗೆದಿರಿ. ಬೆಸುಗೆಯಲ್ಲಿ ಅಲೆಯೇನೋ ನಯವಾಗಿದೆ. ಆದರೆ ಹಿಂದೆ ಭರ್ ಎನ್ನುತ್ತಿದ್ದ ವಿಮಾನ ಇದ್ದಕ್ಕಿದ್ದಂತೆ ಮಾಯವಾಯಿತು. ಇದು ಸ್ಯಾಂಪಲ್ಲಿನ ಜಿಗಿತವಲ್ಲ, ಹಿನ್ನೆಲೆಯ ಜಿಗಿತ. ಇದಕ್ಕೆ ಒಳ್ಳೆಯ ಮದ್ದು ಮುದ್ರಿಸುವಾಗಲೇ ಇದೆ. ವಿಮಾನ ಬಂದರೆ ಅಜ್ಜನಿಗೆ ಕೈಸನ್ನೆ ಮಾಡಿ ನಿಲ್ಲಿಸಿ, ಅದು ದಾಟಿದ ಮೇಲೆ ಆ ವಾಕ್ಯವನ್ನು ಮೊದಲಿನಿಂದ ಹೇಳಲು ಕೇಳಿಕೊಳ್ಳಿ. ಆಗ ವಿಮಾನವಿದ್ದ ವಾಕ್ಯವನ್ನೇ ಇಡಿಯಾಗಿ ತೆಗೆಯಬಹುದು. ಮುದ್ರಣ ಮುಗಿದುಹೋಗಿದ್ದರೆ, ಹೊಸ ವಾಕ್ಯ ಜೋರಾಗಿ ಶುರುವಾಗುವ ಜಾಗಕ್ಕೆ ಬೆಸುಗೆಯನ್ನು ತಳ್ಳಿ. ಗಟ್ಟಿ ಅಕ್ಷರದ ಹಿಂದೆ ಹಿನ್ನೆಲೆಯ ಬದಲಾವಣೆ ಅಷ್ಟಾಗಿ ತಿಳಿಯದು. ಉಸಿರನ್ನೂ ಹೀಗೆಯೇ ನೋಡಬೇಕು. ಉಸಿರೆಳೆಯುವ ಸದ್ದನ್ನು ಪೂರ್ತಿ ಇಡಿ, ಇಲ್ಲವೇ ಪೂರ್ತಿ ತೆಗೆಯಿರಿ. ಅರ್ಧ ಉಸಿರಿನ ಬೆಸುಗೆ ಎಷ್ಟೇ ಸೊನ್ನೆಯಲ್ಲಿದ್ದರೂ ಮನುಷ್ಯರದೆನಿಸುವುದಿಲ್ಲ.

ಇನ್ನು ಎರಡು ಮೈಕಿನ ಮುದ್ರಣ. ಸ್ಟೀರಿಯೋದಲ್ಲಿ ಎಡಗಡೆಯ ಅಲೆಯೂ ಬಲಗಡೆಯ ಅಲೆಯೂ ಒಂದೇ ಕ್ಷಣದಲ್ಲಿ ಸೊನ್ನೆ ದಾಟುವುದು ಅಪರೂಪ. ತಂತ್ರಾಂಶ ಎರಡಕ್ಕೂ ಆದಷ್ಟು ಒಪ್ಪುವ ಜಾಗವೊಂದನ್ನು ಆರಿಸುತ್ತದೆ, ಒಂದು ಕಡೆ ಸಣ್ಣ ಜಿಗಿತ ಉಳಿದೇ ಉಳಿಯುತ್ತದೆ. ಒಬ್ಬರೇ ಮಾತಾಡುವಾಗ ಮೋನೋದಲ್ಲಿ ಮುದ್ರಿಸಿದರೆ ಈ ತಾಪತ್ರಯವಿಲ್ಲ. ಹಿನ್ನೆಲೆ ಸಂಗೀತ ಬೆರೆಸಿದ ಮೇಲೂ ಇದೇ ಕಥೆ, ಸಂಗೀತದ ತಾಳ ಹರಿದದ್ದು ಸೊನ್ನೆಯಿಂದ ಮುಚ್ಚಿಹೋಗದು. ಮಾತನ್ನು ಮೊದಲು ಕತ್ತರಿಸಿ ಮುಗಿಸಿ, ಸಂಗೀತವನ್ನು ಆಮೇಲೆ ಬೆರೆಸಿ.

ಸೊನ್ನೆ ದಾಟು ಸಾಲದ ಇಂಥ ಕಡೆಗಳಲ್ಲಿ ಏನು ಮಾಡಬೇಕು ಎಂಬುದನ್ನು ಹಳೆಯ ಸ್ಪೂಲ್ ಟೇಪಿನ ಕಾಲ ತೋರಿಸಿಕೊಟ್ಟಿದೆ. ಆಗ ರೇಡಿಯೋ ಸ್ಟುಡಿಯೋಗಳಲ್ಲಿ ಕಾಲಂಗುಲ ಅಗಲದ ಟೇಪನ್ನು ಅಚ್ಚಿನ ಮೇಲಿಟ್ಟು, ಬ್ಲೇಡಿನಿಂದ ಕತ್ತರಿಸಿ, ಅಂಟುಪಟ್ಟಿಯಿಂದ ಕೂಡಿಸುತ್ತಿದ್ದರು. ಯಾರೂ ಸೊನ್ನೆ ಹುಡುಕುತ್ತಿರಲಿಲ್ಲ, ಹುಡುಕಲು ಅಲೆಯ ಚಿತ್ರವೇ ಇರಲಿಲ್ಲ. ಆದರೂ ಟಕ್ ಎನ್ನುತ್ತಿರಲಿಲ್ಲ. ಕಾರಣ, ಅವರು ಟೇಪನ್ನು ನೆಟ್ಟಗೆ ಕತ್ತರಿಸದೆ 45 ಡಿಗ್ರಿ ಓರೆಯಾಗಿ ಕತ್ತರಿಸುತ್ತಿದ್ದರು. ಟೇಪಿನ ಅಗಲ 6.35 ಮಿಲಿಮೀಟರ್. ಸೆಕೆಂಡಿಗೆ ಏಳೂವರೆ ಅಂಗುಲದ ವೇಗದಲ್ಲಿ ಆ ಓರೆ ಬೆಸುಗೆ ಯಂತ್ರದ ಹೆಡ್ಡನ್ನು ದಾಟಲು 33 ಮಿಲಿಸೆಕೆಂಡು, ಹದಿನೈದು ಅಂಗುಲದ ವೇಗದಲ್ಲಾದರೆ 17 ಮಿಲಿಸೆಕೆಂಡು. ಅಷ್ಟು ಹೊತ್ತು ಹಳೆಯ ತುಂಡು ಮೆಲ್ಲಗೆ ಕಡಿಮೆಯಾಗುತ್ತ, ಹೊಸ ತುಂಡು ಮೆಲ್ಲಗೆ ಹೆಚ್ಚುತ್ತ ಬರುತ್ತಿತ್ತು. ಟಕ್ ಬಂದರೆ ಅವರು ಬ್ಲೇಡನ್ನು ಸಂಶಯಿಸುತ್ತಿದ್ದರು, ಅದಕ್ಕೆ ಕಾಂತತ್ವ ಹತ್ತಿದ್ದರೆ ಕತ್ತರಿಸಿದ ಗೆರೆಯ ಮೇಲೆಯೇ ಸದ್ದು ಮುದ್ರಿತವಾಗಿಬಿಡುತ್ತಿತ್ತು.

ಕಂಪ್ಯೂಟರಿನ ಕತ್ತರಿಗೆ ಓರೆಯಿಲ್ಲ, ಅದು ಎರಡು ಸ್ಯಾಂಪಲ್ಲಿನ ನಡುವೆ ನೆಟ್ಟಗೆ ಬೀಳುತ್ತದೆ. ಆ ಓರೆಯನ್ನು ನಾವೇ ಕೊಡಬಹುದು. ಅದಕ್ಕೆ ಕ್ರಾಸ್‌ಫೇಡ್ ಎಂದು ಹೆಸರು, ಅಡಾಸಿಟಿಯಲ್ಲಿ `Crossfade Clips` ಎಂದು ಸಿಗುತ್ತದೆ. ಬರೀ ಮಾತಿನ ಬೆಸುಗೆಗೆ 5ರಿಂದ 10 ಮಿಲಿಸೆಕೆಂಡು ಸಾಕು. ಹೆಚ್ಚಾದರೆ ಎರಡು ಅಕ್ಷರ ಒಂದರ ಮೇಲೊಂದು ಬಿದ್ದು ತೊದಲಿದಂತಾಗುತ್ತದೆ. ಮೌನದಲ್ಲಿನ ಹಿನ್ನೆಲೆಯ ಬೆಸುಗೆಗೆ ಅರ್ಧ ಸೆಕೆಂಡಿನವರೆಗೂ ಕೊಡಬಹುದು. ಮೋನೋ ಮಾತಿಗೆ ಸೊನ್ನೆ ದಾಟು, ಸ್ಟೀರಿಯೋಗೂ ಗದ್ದಲದ ಹಿನ್ನೆಲೆಗೂ ಓರೆ ಬೆಸುಗೆ, ಇಷ್ಟನ್ನು ನೆನಪಿಟ್ಟರೆ ಸಾಕು.

ಕೊನೆಯದಾಗಿ ಒಂದು ಮಾತು, ಇದು ಅಲೆಯ ವಿಷಯವಲ್ಲ. ಬೆಸುಗೆ ಕೇಳಿಸದಂತಾದ ಮೇಲೆ ಕತ್ತರಿ ಹಿಡಿದವರ ಹೊಣೆ ಹೆಚ್ಚುತ್ತದೆ. ಕನ್ನಡದಲ್ಲಿ ಅಲ್ಲಗಳೆಯುವ ಮಾತು ಬರುವುದು ವಾಕ್ಯದ ತುದಿಯಲ್ಲಿ. ನಮ್ಮ ಅಜ್ಜ "ಇಷ್ಟು ಮನಿ ಇದ್ದಿದ್ದಿಲ್ಲ" ಎಂದರು. ಇನ್ನೊಬ್ಬರು "ನನಗ ಊರು ಬಿಟ್ಟದ್ದು ಬ್ಯಾಸರ ಆತು ಅಂತ ಏನಿಲ್ಲ" ಎನ್ನಬಹುದು. "ಆತು" ಎಂಬಲ್ಲಿ ಕತ್ತರಿಸಿ ಸೊನ್ನೆಯಲ್ಲಿ ಕೂಡಿಸಿದರೆ ಯಾರಿಗೂ ಗೊತ್ತಾಗದು, ಆದರೆ ಅವರು ಹೇಳಿದ್ದಕ್ಕೆ ನೇರ ವಿರುದ್ಧವಾದ ಮಾತು ಅವರದೇ ಧ್ವನಿಯಲ್ಲಿ ಉಳಿದುಹೋಗುತ್ತದೆ. ಆದ್ದರಿಂದ `C` ಒತ್ತಿ ಬೆಸುಗೆ ಕೇಳಿದ ಮೇಲೆ, ಹಿಂದಿನ ಮುಂದಿನ ಎರಡು ವಾಕ್ಯಗಳನ್ನು ಅರ್ಥಕ್ಕಾಗಿ ಇನ್ನೊಮ್ಮೆ ಕೇಳಿ. ಕತ್ತರಿಸದ ಮೂಲ ಮುದ್ರಣವನ್ನು ವೇವ್ ಫೈಲಾಗಿ ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ, ಎಂಪಿ3 ಮಾಡುವುದು ಎಲ್ಲ ಮುಗಿದ ಮೇಲೆ.

ಈ ವಾರ ನಿಮ್ಮ ಹಳೆಯ ಮುದ್ರಣವೊಂದನ್ನು ತೆರೆದು, ಟಕ್ ಎನ್ನುವ ಜಾಗವನ್ನು ಚುಕ್ಕಿ ಕಾಣುವಷ್ಟು ಹಿಗ್ಗಿಸಿ ನೋಡಿ. ಗೋಡೆಯಿದ್ದರೆ ಆ ಬೆಸುಗೆಯ ಎಡಬಲದ ಮೂರ್ನಾಲ್ಕು ಮಿಲಿಸೆಕೆಂಡನ್ನು ಆಯ್ದು, `Z` ಒತ್ತಿ, ಅಷ್ಟನ್ನು ಅಳಿಸಿ. ಮೂಲ ಮುದ್ರಣ ಇಲ್ಲದಿದ್ದರೂ ಹಳೆಯ ಟಕ್ ಹೀಗೆ ಹೋಗುತ್ತದೆ.